ಕೃಪೆ: ಯಾರೋ ಪುಣ್ಯಾತ್ಮರು

ನಮ್ಮ ಓಣಿಯ ಗಣಪತಿ ವಿಡಿಯೊ ಯೂಟ್ಯೂಬಿನಿಂದ ಮಾಯವಾದ ಸುದ್ದಿ ಹುಬ್ಬಳ್ಳಿ ದಾಟಿ ಧಾರವಾಡಕ್ಕೂ ಮುಟ್ಟಿದೆ, ಅದನ್ನು ಮತ್ತೆ ಹೇಳುವುದಿಲ್ಲ. ವಿಡಿಯೊ ನೋಡಿದವರು ನಲವತ್ತು ಮಂದಿ ಇರಬಹುದು. ಅದು ಹೋಯಿತೆಂದು ಸಿಟ್ಟಿಗೆದ್ದವರು ಮಾತ್ರ ನಾನೂರಕ್ಕೆ ಕಡಿಮೆ ಇಲ್ಲ.

ಎಡಿಟ್ ಮಾಡಿದವನು ನನ್ನ ಅಳಿಯ. ಹಿನ್ನೆಲೆಗೆ ಶರೀಫರ ಪದ ಹಾಕಿದ್ದ. ಯಾರನ್ನಾದರೂ ಕೇಳಿದ್ದೆಯಾ ಅಂದೆ.

"ಶರೀಫಜ್ಜ ನಮ್ಮವನಲ್ಲೇನ್ರೀ ಮಾಮಾ? ನಮ್ಮಜ್ಜನ ಪದಕ್ಕ ಯಾರಪ್ಪಣಿ ಬೇಕ್ರೀ?"

ಮಾತು ಮೂರರಲ್ಲಿ ಒಂದು ಪಾಲು ಸರಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಕಾಯ್ದೆಯಲ್ಲಿ ಕವಿಯ ಹಕ್ಕು ಅವನು ತೀರಿದ ಮೇಲೆ ಅರವತ್ತು ವರ್ಷ ಇರುತ್ತದೆ, ಹಾಗಾಗಿ ಪದ ಊರಿನದು. (ಬೇಂದ್ರೆಯವರು ಇನ್ನೂ ಊರಿನವರಾಗಿಲ್ಲ. 1981ರಲ್ಲಿ ಹೋದರು, 2041 ಮುಗಿಯಲಿ. ಸಾಧನಕೇರಿಯಲ್ಲಿ ಮನೆ ಮಾಡಿದ ಮಾತ್ರಕ್ಕೆ ರಿಯಾಯಿತಿ ಇಲ್ಲ.) ಆದರೆ ಅಳಿಯ ಹಾಕಿದ್ದು ಬರೀ ಪದವನ್ನಲ್ಲ. ಅದಕ್ಕೆ ನಮ್ಮ ಕಾಲದವರೊಬ್ಬರು ಹೊಸ ಧಾಟಿ ಕಟ್ಟಿದ್ದಾರೆ, ಆ ಹಕ್ಕು ಬೇರೆ. ಹಾಡಿಸಿ ಕ್ಯಾಸೆಟ್ ಮಾಡಿದ ಕಂಪನಿಗೆ ಆ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ ಅರವತ್ತು ವರ್ಷ, ಅದು ಇನ್ನೊಂದು ಬೇರೆ. ಒಂದೇ ಹಾಡಿನೊಳಗೆ ಮೂರು ಮನೆ. ಅಳಿಯ ತೀರಿಕೊಂಡವರ ಮನೆಗೆ ಕೈ ಮುಗಿದು, ಬದುಕಿದ್ದವರ ಎರಡೂ ಮನೆಯ ಬಾಗಿಲು ದಾಟಿ ಒಳಗೆ ಹೋಗಿದ್ದ.

"ಹತ್ತು ಸೆಕೆಂಡಿನೊಳಗ ಇದ್ರ ನಡೀತದ್ರೀ" ಎಂದ. ಈ ಹತ್ತು ಸೆಕೆಂಡಿನ ಕಾಯ್ದೆ ಎಲ್ಲಿ ಪಾಸಾಯಿತೋ ನನಗೆ ತಿಳಿಯದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಂತೂ ಇಲ್ಲ. ಅದರ 52ನೇ ಕಲಮಿನಲ್ಲಿ ವಿಮರ್ಶೆಗೆ, ವರದಿಗೆ, ಸ್ವಂತ ಅಭ್ಯಾಸಕ್ಕೆ ಸವಲತ್ತಿದೆ, ಗಡಿಯಾರ ಇಲ್ಲ. ಗಣಪತಿ ಮೆರವಣಿಗೆಗೆ ಹಿನ್ನೆಲೆ ಹಾಡು ಹಾಕುವುದು ವಿಮರ್ಶೆ ಆಗಬೇಕಾದರೆ ಗಣಪನೇ ಬಂದು ಸಾಕ್ಷಿ ನುಡಿಯಬೇಕು.

ಇನ್ನು ಕೊನೆಯಲ್ಲಿ ಓಡುವ ಆ ಸಾಲು, "ಕೃಪೆ: ಮೂಲ ಮಾಲೀಕರು". ಎಂಥ ವಿನಯ! ಮಾಲೀಕರ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ, ಆದರೆ ಕೃಪೆ ಮಾತ್ರ ಆಗಿಹೋಗಿದೆ. ನಾಳೆ ಪೇಢೆ ಅಂಗಡಿಗೆ ಹೋಗಿ ಅರ್ಧ ಕಿಲೊ ಡಬ್ಬಿ ಬಗಲಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತು "ಕೃಪೆ: ಮೂಲ ಮಾಲೀಕರು" ಅಂದು ನೋಡಬೇಕು. ಧಾರವಾಡದ ಮಂದಿ ಸಾಹಿತ್ಯಪ್ರಿಯರು, ಮೊದಲು ನಗುತ್ತಾರೆ.

ಅಳಿಯ ತಪಾಸಣೆ ಮಾಡಲಿಲ್ಲ ಎನ್ನುವಂತಿಲ್ಲ. ವಿಡಿಯೊ ಏರಿಸುವಾಗ, ಪ್ರಕಟಿಸುವ ಮೊದಲೇ, ಯೂಟ್ಯೂಬ್ 'Checks' ಅಂತ ಒಂದು ಹಂತ ತೋರಿಸುತ್ತದೆ. ಹಾಡು ಅಲ್ಲೇ ಸಿಕ್ಕಿಬಿತ್ತು. ಜಾಹೀರಾತಿನ ದುಡ್ಡು ಬಂದರೆ ಕಂಪನಿಗೆ, ವಿಡಿಯೊ ಮಾತ್ರ ಇರಲಿ ಎಂಬ ಷರತ್ತು. ಇದು ಕ್ಲೇಮ್. ನಮ್ಮ ಕಮಿಟಿಗೆ ದುಡ್ಡು ಬರುವ ಭಯವೇನೂ ಇರಲಿಲ್ಲವಾದ್ದರಿಂದ ಒಪ್ಪಿಕೊಂಡರು. ವಿಡಿಯೊದೊಳಗೆ ಬೇರೊಬ್ಬ ಹುಡುಗ ತೆಗೆದ ಉಣಕಲ್ ಕೆರೆಯ ಡ್ರೋನ್ ತುಣುಕನ್ನೂ ಕೇಳದೆ ಸೇರಿಸಿದ್ದರು, ಅದರ ಬಗ್ಗೆ ಯಂತ್ರ ತುಟಿ ಬಿಚ್ಚಲಿಲ್ಲ. ಬಿಚ್ಚುವುದಾದರೂ ಹೇಗೆ? ಅದಕ್ಕೆ ಗುರುತು ಹತ್ತುವುದು ಮಾಲೀಕರು ಮೊದಲೇ ತಂದು ಒಪ್ಪಿಸಿದ ಸರಕು ಮಾತ್ರ. ದೊಡ್ಡ ಕಂಪನಿಗಳು ಒಪ್ಪಿಸಿರುತ್ತವೆ, ಡ್ರೋನ್ ಹಾರಿಸುವ ಹುಡುಗ ಒಪ್ಪಿಸಿರುವುದಿಲ್ಲ. ಯಂತ್ರ ಸುಮ್ಮನಿದ್ದದ್ದನ್ನೇ ಇವರು ಅಪ್ಪಣೆ ಎಂದುಕೊಂಡರು.

ಆ ಹುಡುಗ ಮೂರನೇ ದಿನ ತಾನೇ ನೋಡಿದ, ತೆಗೆಯಿರಿ ಅಂತ ಅರ್ಜಿ ಕೊಟ್ಟ. ವಿಡಿಯೊ ಹೋಯಿತು, ಚಾನೆಲ್ಲಿಗೆ ಸ್ಟ್ರೈಕ್ ಬಿತ್ತು. ತೊಂಬತ್ತು ದಿನದೊಳಗೆ ಇಂಥವು ಮೂರಾದರೆ ಚಾನೆಲ್ಲೇ ಮುಚ್ಚಬಹುದು. ಹಿಂದಿನ ಏಳು ವರ್ಷದ ಗಣಪತಿಗಳೂ ಒಟ್ಟಿಗೇ ವಿಸರ್ಜನೆ.

ಆ ಹುಡುಗನ ಚಾನೆಲ್ಲಿಗೆ ಹೋಗಿ ನೋಡಿದೆ. ಫೋನ್ ನಂಬರು ಬರೆದೇ ಇಟ್ಟಿದ್ದಾನೆ. ನಮ್ಮ ಓಣಿಯಿಂದ ಅವನ ಮನೆ ಎರಡು ಸಿಟಿ ಬಸ್ ಸ್ಟಾಪು. ಮಂಜು ಸರಿಯಾಗಿ ಸಿಗಲಿ ಅಂತ ನಾಲ್ಕು ದಿನ ನಸುಕಿನಲ್ಲೆದ್ದು ಕೆರೆ ದಂಡೆಗೆ ಹೋಗಿದ್ದನಂತೆ. ಒಂದು ಫೋನು ಮಾಡಿದ್ದರೆ ಕೊಡುತ್ತಿದ್ದೆ, ದುಡ್ಡೂ ಕೇಳುತ್ತಿರಲಿಲ್ಲ ಎಂದ. ಪೆಂಡಾಲಿನವನಿಗೆ ಮುಂಗಡ ಕೊಡುತ್ತೀರಿ, ಲೈಟಿನವನಿಗೆ ಕೊಡುತ್ತೀರಿ, ಡಿಜೆಯವನ ಮುಂದಂತೂ ಕೈ ಕಟ್ಟಿ ನಿಲ್ಲುತ್ತೀರಿ. ಈ ಹುಡುಗನಿಗೆ ಒಂದು ಫೋನು ಮಾಡಲಿಕ್ಕೆ ನಿಮಗೇನಾಗಿತ್ತು? ವ್ಯಂಗ್ಯ ಮಾಡಿ ಮಾಡಿ ನನಗೂ ಸಾಕಾಗಿದೆ.

ಶರೀಫರ ಪದವನ್ನು ನಮ್ಮ ಓಣಿಯ ಭಜನಿ ಮೇಳದ ಅಜ್ಜ ಹಳೇ ಧಾಟಿಯಲ್ಲೇ ಏಕತಾರಿ ಹಿಡಿದು ಹಾಡುತ್ತಾನೆ. ಅವನ ಒಪ್ಪಿಗೆ ಕೇಳಿ ಮೊಬೈಲಿನಲ್ಲೇ ಮುದ್ರಿಸಿಕೊಂಡಿದ್ದರೆ ಮೂರು ಮನೆಯ ತಂಟೆಯೂ ತಪ್ಪುತ್ತಿತ್ತು. ಹೇಳಿದೆ. "ಅಜ್ಜನ ಆವಾಜ್ನ್ಯಾಗ ಬೇಸ್ ಇಲ್ರೀ ಮಾಮಾ" ಎಂದ ಅಳಿಯ.

ನಿನ್ನೆ ಕಮಿಟಿ ಮೀಟಿಂಗು ಆಯಿತು. ಗಿರಮಿಟ್ಟು, ಮಿರ್ಚಿ, ಎರಡು ತಾಸಿನ ಚರ್ಚೆ. ಠರಾವು ಸರ್ವಾನುಮತದಿಂದ ಪಾಸಾಗಿದೆ: ಮುಂದಿನ ವರ್ಷ "ಕೃಪೆ" ಎಂಬುದನ್ನು ದಪ್ಪ ಅಕ್ಷರದಲ್ಲಿ, ವಿಡಿಯೊದ ಶುರುವಿನಲ್ಲೇ ಹಾಕತಕ್ಕದ್ದು.