ಮ್ಯೂನಿಕ್‌ನಲ್ಲಿ ನಾಯಿಗುತ್ತಿ

ಹೊರದೇಶದಲ್ಲಿರುವ ಮಲೆನಾಡಿನವರಿಗೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದರೆ ಊರಿಗೆ ಹೋಗಿ ಬಂದಂತಾಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗಾದದ್ದು ಅರ್ಧ ಮಾತ್ರ. ಈ ಚಳಿಗಾಲದಲ್ಲಿ ಮ್ಯೂನಿಕ್‌ನ ಮನೆಯಲ್ಲಿ ಕೂತು ಅದನ್ನು ಮತ್ತೆ ಓದಿದೆ. ಕಂಬಳಿಕೊಪ್ಪೆ, ಕಾಲಿಗೆ ಹತ್ತಿದ ಇಂಬಳಕ್ಕೆ ಹಚ್ಚುವ ಸುಣ್ಣ, ದಿನಗಟ್ಟಲೆ ಬಿಡದೆ ಹೊಡೆಯುವ ಮಳೆ, ಇವಕ್ಕೆಲ್ಲ ನನಗೆ ಅರ್ಥ ಹೇಳಿಕೊಡುವವರು ಬೇಕಿಲ್ಲ. ಕೊಪ್ಪೆ ಹಾಕಿ ಗದ್ದೆಗೆ ಹೋಗಿ ಬಂದ ಮೇಲೆ ಒದ್ದೆ ಉಣ್ಣೆಯ ವಾಸನೆ ಕತ್ತಿನಲ್ಲಿ ಸಂಜೆವರೆಗೂ ಉಳಿಯುತ್ತದೆ. ಅದು ಇಲ್ಲಿ ಕೂತರೂ ಮೂಗಿಗೆ ಬಂತು.

ದೂರ ಅನ್ನಿಸಿದ್ದು ಮನುಷ್ಯರ ನಡುವಿನ ವ್ಯವಹಾರ. ಕಾದಂಬರಿಯ ನಾಯಿಗುತ್ತಿ, ಅಂದರೆ ಸದಾ ನಾಯಿಯೊಡನೆ ಓಡಾಡುವ ಗುತ್ತಿ, ಸಿಂಬಾವಿ ಹೆಗ್ಗಡೆಯವರ ಜೀತದಾಳು. ಅವನು ಮದುವೆಯಾಗಬೇಕೆಂದಿರುವ ತಿಮ್ಮಿ ಇನ್ನೊಬ್ಬ ಒಡೆಯರ ಕಡೆಯವಳು. ಹಾಗಾಗಿ ಒಂದು ಹುಡುಗಿ, ಒಂದು ಹುಡುಗನ ಮದುವೆ ಎರಡು ಮನೆಯ ಒಡೆಯರ ಲೆಕ್ಕಾಚಾರವಾಗುತ್ತದೆ. ಕಡೆಗೆ ಗುತ್ತಿ ಅವಳನ್ನು ಕದ್ದು ಕರೆದೊಯ್ಯಬೇಕಾಗುತ್ತದೆ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಾದಂಬರಿ ಬಂದದ್ದು 1967ರಲ್ಲಿ. ಜೀತವನ್ನು ದೇಶದಾದ್ಯಂತ ರದ್ದುಗೊಳಿಸಿದ ಕಾಯಿದೆ ಬಂದದ್ದು 1976ರಲ್ಲಿ.

ಇಲ್ಲಿ ನಮ್ಮ ಮನೆಗೆ ನಲ್ಲಿ ರಿಪೇರಿಗೆ ಬರುವವರು ಮುಂಬಾಗಿಲಿನಿಂದಲೇ ಬರುತ್ತಾರೆ. ಕೈಕುಲುಕುತ್ತಾರೆ, ಕೊಟ್ಟರೆ ನಾವು ಕುಡಿಯುವ ಕಪ್ಪಿನಲ್ಲೇ ಕಾಫಿ ಕುಡಿಯುತ್ತಾರೆ. ಇಲ್ಲಿಯ ಸಮಾಜಕ್ಕೂ ತನ್ನದೇ ಮೇಲು-ಕೀಳುಗಳಿವೆ, ವಲಸೆ ಬಂದವನಿಗೆ ಅದು ಬೇಗ ಗೊತ್ತಾಗುತ್ತದೆ. ಆದರೆ ಆ ಕಪ್ಪು ಬೇರೆಯಲ್ಲ. ಪುಸ್ತಕ ಓದುತ್ತಿದ್ದ ವಾರ ಅಪ್ಪನಿಗೆ ಫೋನ್ ಮಾಡಿದಾಗ ಕೇಳಿದೆ: “ಅಪ್ಪ, ಅಡಿಕೆ ಕೊಯ್ಲಿಗೆ ಬರುತ್ತಿದ್ದವರಿಗೆ ಕಾಫಿ ಕೊಡುತ್ತಿದ್ದ ಲೋಟ ಎಲ್ಲಿಡ್ತಿದ್ರಿ?” ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಟ್ಟಿಗೆ ಗೋಡೆ ಗೂಡಲ್ಲಿ ಕಣೋ. ಅವರೇ ತೊಳೆದು ಇಡ್ತಿದ್ರು” ಅಂದರು.

ಆ ಗೂಡು ನನಗೆ ಚೆನ್ನಾಗಿ ನೆನಪಿದೆ. ಅಂದರೆ ಗುತ್ತಿಯ ಲೋಕ ನನಗೆ ದೂರವಾಗಿರುವುದಕ್ಕೆ ಜರ್ಮನಿ ಕಾರಣವಲ್ಲ. ಊರಿನಲ್ಲಿದ್ದಾಗಲೂ ನಾನು ಅದನ್ನು ಜಗಲಿಯ ಮೇಲಿಂದ ನೋಡಿದವನು. ಮಳೆ ಎಲ್ಲರ ಮೇಲೂ ಒಂದೇ ಥರ ಸುರಿಯುತ್ತಿತ್ತು, ಅದಕ್ಕೇ ಕಾದಂಬರಿಯ ಮಳೆ ನನಗೆ ಪೂರ್ತಿ ಪರಿಚಿತ. ಅಂಗಳದಲ್ಲಿ ನಿಂತವನ ಕಣ್ಣಿಗೆ ಜಗಲಿ ಹೇಗೆ ಕಾಣುತ್ತದೆ ಎಂಬುದು ಮಾತ್ರ ಅಷ್ಟೇ ಹೊಸದು.

ಹೊರನಾಡಿನ ಓದುಗರಲ್ಲಿ ನನ್ನದೊಂದು ತಕರಾರಿದೆ. ನಮ್ಮ ಕೂಟಗಳಲ್ಲಿ ಈ ಕಾದಂಬರಿಯ ಮಾತು ಬಂದರೆ ಕಾಡು, ಹೊಳೆ, ಭಾಷೆಯ ಸೊಗಸು ಇಷ್ಟಕ್ಕೇ ನಿಲ್ಲುತ್ತದೆ. ಊರಿನ ಹಂಬಲ ದೊಡ್ಡದಾದಷ್ಟೂ ತಿಮ್ಮಿಯನ್ನು ಹಾರಿಸಿ ಓದುತ್ತೇವೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲಿಗೇ ಹೇಳಿಟ್ಟಿದ್ದಾರೆ. ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವ ಗುತ್ತಿಯ ನಾಯಿ ಹುಲಿಯನಿಗೂ ಅವರು ಅಷ್ಟೇ ಜಾಗ ಕೊಟ್ಟರು. ಮುಂದಿನ ಕೂಟದಲ್ಲಿ ನಾನು ಓದಲಿರುವುದು ಮಳೆಯ ವರ್ಣನೆಯನ್ನಲ್ಲ, ಗುತ್ತಿ-ತಿಮ್ಮಿ ಓಡಿಹೋಗುವ ಭಾಗವನ್ನು.