ಪರಿಚಯ ಮಾಡೋಕೆ ಹೋಗಿ ಕಿಳ್ಳೇಕ್ಯಾತನ ಬಾಯಿಗೆ ಬಿದ್ದೆ

ಮೊನ್ನೆ ಹಾಸನದಲ್ಲಿ ಮಕ್ಕಳ ಸಾಂಸ್ಕೃತಿಕ ಉತ್ಸವ. ತೊಗಲುಗೊಂಬೆ ಆಡಿಸುವ ತಾತನ ಪರಿಚಯ ಮಾಡಿಕೊಡೋ ಕೆಲಸ ನನ್ನ ತಲೆಗೆ ಬಂತು. ಹೋದ ವರ್ಷ ಬೇರೊಂದು ಕಡೆ ಇದೇ ಕೆಲಸ ಮಾಡಿದ್ದೆ. ಹುಟ್ಟಿದ ಊರು, ಸನ್ಮಾನ, ಪ್ರಶಸ್ತಿ ಅಂತ ಒಂದು ಪುಟ ಓದುವಷ್ಟರಲ್ಲಿ ಹಿಂದಿನ ಸಾಲಿನವರು ಚಪ್ಪಲಿ ಎಳೆದಾಡ್ತಿದ್ದರು. ತಪ್ಪು ಅವರದಲ್ಲ ಬಿಡಿ.

ಈ ಸಲ ಚೀಟಿ ತರಲಿಲ್ಲ. "ತಾತ, ಒಂದು ಗೊಂಬೆ ಕೊಡ್ತೀರಾ?" ಅಂದೆ. ಹನುಮಂತನನ್ನು ಕೊಟ್ಟರು. ಮೇಕೆ ಚರ್ಮ. ಕೂದಲು ತೆಗೆದು, ಬೆಳಕು ತೂರುವಷ್ಟು ತೆಳ್ಳಗೆ ಹೆರೆದು ಬಣ್ಣ ಹಾಕಿದ್ದು. ನಡುವೆ ಸೀಳಿದ ಬಿದಿರುಕಡ್ಡಿ ಕಟ್ಟಿದೆ. ಟ್ಯೂಬ್‌ಲೈಟ್ ಕೆಳಗೆ ಅದು ಮಾಸಲು ಕಂದು. "ಇಷ್ಟೇನಾ?" ಅಂತ ಒಬ್ಬ ಹುಡುಗ ಕೇಳೇಬಿಟ್ಟ.

ಲೈಟೆಲ್ಲ ಆರಿಸಿದೆವು. ಬಿಳಿ ಪರದೆ, ಅದರ ಹಿಂದೆ ಒಂದೇ ಬಲ್ಬು. ಹಿಂದೆ ಅಲ್ಲಿ ಎಣ್ಣೆ ದೀಪ ಇರ್ತಿತ್ತು. ತಾತ ಹನುಮಂತನನ್ನು ಪರದೆಗೆ ಒತ್ತಿ ಹಿಡಿದರು. ಕೆಂಪು, ಹಸಿರು ಭಗ್ ಅಂತ ಹೊತ್ತಿಕೊಂಡವು. ಕಿರೀಟದ ಮಣಿಗಳೂ ಮಿನುಗಿದವು. ಆ ಮಣಿಗಳೆಲ್ಲ ಬರೀ ತೂತು, ಸಣ್ಣ ಉಳಿಯಲ್ಲಿ ಕೊರೆದದ್ದು. "ಬೇಲೂರು ದೇವಸ್ಥಾನದ ಜಾಲಂಧ್ರ ನೋಡಿದೀರಲ್ಲ, ಕಲ್ಲಿನ ತೂತಿನಿಂದ ಬೆಳಕು ಬರುತ್ತಲ್ವಾ, ಹಾಗೆ" ಅಂದೆ. ಟೂರ್ ಹೋಗಿ ಬಂದ ಮಕ್ಕಳು, ತಕ್ಷಣ ಹಿಡಿದರು.

ಆಮೇಲೆ ತಾತ ಗೊಂಬೆಯನ್ನು ಮೆಲ್ಲಗೆ ಹಿಂದಕ್ಕೆ, ದೀಪದ ಕಡೆ ಎಳೆದರು. ಹನುಮಂತ ಬೆಳೆಯುತ್ತಾ ಹೋದ. ಜೊತೆಗೆ ಅಂಚು ಮಸುಕಾಯ್ತು, ಬಣ್ಣ ಕಲಸಿಹೋಯ್ತು. ಸಮುದ್ರ ಹಾರುವಾಗ ಈ ಉಪಾಯವೇ ಸಾಕು. ಆದರೆ ಮಾತಿನ ಹೊತ್ತಲ್ಲಿ ಕೈ ಸೋತು ಗೊಂಬೆ ಪರದೆ ಬಿಟ್ಟರೆ ಪಾತ್ರವೇ ಅಳಿಸಿಹೋಗುತ್ತದೆ. ಒಂದು ಕೈಯಲ್ಲಿ ಒತ್ತಿಕೊಂಡೇ ಇರಬೇಕು, ಇನ್ನೊಂದರಲ್ಲಿ ಕೈಕಾಲು ಆಡಿಸಬೇಕು, ಬಾಯಲ್ಲಿ ಮಾತು. "ಇಷ್ಟೇನಾ" ಅಂದವನನ್ನೇ ಪರದೆ ಹಿಂದೆ ಕರೆದು ಹಿಡಿಸಿದೆ. ಎರಡು ನಿಮಿಷಕ್ಕೆ ಅವನ ಹನುಮಂತ ಮಂಜಿನಲ್ಲಿ ಮುಳುಗಿದ. ತಾತ ಎಷ್ಟು ವರ್ಷ ಈ ಕೆಲಸ ಮಾಡಿದಾರೆ ಅಂತ ಆಗ ಹೇಳಿದೆ. ಕೇಳಿಸಿಕೊಂಡರು.

ಇನ್ನೊಂದೇ ಮಾತು ಸೇರಿಸಿದೆ: ರಾಜ, ದೇವರ ಗೊಂಬೆ ದೊಡ್ಡದಿರುತ್ತದೆ, ಸೇವಕರದ್ದು ಚಿಕ್ಕದು. ಯಾರು ಯಾರು ಅಂತ ಹೆಸರು ಹೇಳುವ ಮೊದಲೇ ಗೊತ್ತಾಗಲಿ ಅಂತ. ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕನ ಬಗ್ಗೆ ಬೇಕಂತಲೇ ಬಾಯಿ ಬಿಡಲಿಲ್ಲ. ನಗಿಸುವ ಜೋಡಿಯನ್ನು ಮೊದಲೇ ವಿವರಿಸಿದರೆ ನಗು ಎಲ್ಲಿಂದ ಬರಬೇಕು?

ಆಟ ಶುರುವಾಗಿ ಗಣಪತಿ ಬಂದು ಹೋದ. ಕಿಳ್ಳೇಕ್ಯಾತ ಹೊಟ್ಟೆ ಕುಣಿಸುತ್ತಾ ಬಂದ. ರಾಮಾಯಣದ ಮಧ್ಯೆಯೂ ಊರಿನ ಸುದ್ದಿ ಎತ್ತುವ ಹಕ್ಕು ಅವನಿಗಿದೆ.

"ಅಲ್ಲ ಕಣೇ ಬಂಗಾರಿ, ಆ ಮೇಷ್ಟ್ರು ನಮ್ಮ ಗುಟ್ಟನ್ನೆಲ್ಲ ಮೊದಲೇ ಬಿಚ್ಚಿಟ್ರಲ್ಲ, ಸಂಭಾವನೆಯಲ್ಲಿ ಅರ್ಧ ಕೇಳ್ತಾರೇನೋ?"

ಸಭೆಯೆಲ್ಲ ನನ್ನ ಕಡೆ ತಿರುಗಿ ನಕ್ಕಿತು.