ಹೊಸ ಬ್ಯಾಟಿಗೆ ಅಭ್ಯಂಜನ

ಗುರುವಾರ ಸಂಜೆ ಬ್ಯಾಟ್ ಮನೆಗೆ ಬರುತ್ತದೆ. ಭಾನುವಾರ ಬೆಳಗ್ಗೆ ಏಳಕ್ಕೆ ಮ್ಯಾಚ್. ಇಂಗ್ಲಿಷ್ ವಿಲ್ಲೋ ಬ್ಯಾಟುಗಳು ಅಕಾಲ ಮರಣಕ್ಕೀಡಾಗುವುದು ಬಹುತೇಕ ಈ ಮೂರು ದಿನಗಳ ಅವಸರದಲ್ಲೇ. ಬಿಚ್ಚಿದ ಕೂಡಲೇ ಅದಕ್ಕೊಂದು ಪೂಜೆ ಆಗುತ್ತದೆ, ಹ್ಯಾಂಡಲ್ಲಿಗೆ ಕುಂಕುಮ ಬೀಳುತ್ತದೆ, ಕನ್ನಡಿ ಮುಂದೆ ಹತ್ತು ಕವರ್ ಡ್ರೈವ್ ಆಗುತ್ತವೆ. ಆಗಬೇಕಾದ ಒಂದೇ ಒಂದು ಕೆಲಸ, ಎಣ್ಣೆ ಹಚ್ಚಿ ಕೊಡತಿಯಿಂದ ಕುಟ್ಟಿ ಹದ ಮಾಡುವ ನಾಕಿಂಗ್, ಆಗುವುದಿಲ್ಲ. ಅದನ್ನು ಯಾರಾದರೂ ನೆನಪಿಸಿದರೆ ಮನೆಯವರಿಂದ ಪ್ರಶ್ನೆ ಬರುತ್ತದೆ: ‘ಅಷ್ಟು ದುಡ್ಡು ಸುರಿದು ತಂದ ಮೇಲೂ ನಾವೇ ಕುಟ್ಟಬೇಕಾ? ಅಂಗಡಿಯವರು ಕುಟ್ಟಿ ಕೊಡಲ್ವಾ?’

ನ್ಯಾಯವಾದ ಪ್ರಶ್ನೆ. ಬ್ಯಾಟ್ ಮಾಡುವವರು ಕುಟ್ಟುವುದಿಲ್ಲ, ಒತ್ತುತ್ತಾರೆ. ವಿಲ್ಲೋ ಹಗುರವಾದ, ಮೆತ್ತನೆಯ ಮರ. ಅದರ ಮುಖವನ್ನು ಯಂತ್ರದ ರೋಲರ್ ಕೆಳಗೆ ಹಾಯಿಸಿ ಮೇಲ್ಪದರದ ನಾರುಗಳನ್ನು ಬಿಗಿ ಮಾಡುತ್ತಾರೆ. ತೀರಾ ಜೋರಾಗಿ ಒತ್ತಿದರೆ ಮುಖ ಗಟ್ಟಿಯಾಗುತ್ತದೆ, ಆದರೆ ಚೆಂಡು ಪುಟಿಯುವುದಿಲ್ಲ, ಹಲಗೆಗೆ ಬಡಿದ ಹಾಗೆ ಸತ್ತು ಬೀಳುತ್ತದೆ. ಹಾಗಾಗಿ ಒತ್ತುವುದನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಕೊಂಡವರ ಕೈಗೆ ಬಿಡುತ್ತಾರೆ. ಇದರಲ್ಲಿ ಇನ್ನೊಂದು ಪೇಚಿದೆ. ರೋಲರಿನ ಭಾರ ನಡುಮಧ್ಯದ ಮೇಲೆ ಬಿದ್ದಷ್ಟು ಎಡ್ಜಿನ ಮೇಲೆ ಬೀಳುವುದಿಲ್ಲ. ಎಡ್ಜಿನ ನಾರಿಗೆ ಒಂದು ಕಡೆ ಆಸರೆಯೂ ಇಲ್ಲ, ಅದರಾಚೆ ಬರೀ ಗಾಳಿ. ಅಲ್ಲಿಗೆ 156ರಿಂದ 163 ಗ್ರಾಂ ತೂಕದ ಹೊಸ ಲೆದರ್ ಬಾಲ್ ಸೀಮ್ ಮುಂದೆ ಮಾಡಿಕೊಂಡು ಬಂದು ಸವರಿದರೆ ಮರ ತಡೆಯುವುದಿಲ್ಲ, ಸಿಪ್ಪೆ ಏಳುತ್ತದೆ. ಗಲ್ಲಿಯಲ್ಲಿ ಟೆನಿಸ್ ಬಾಲ್ ಆಡಿ ಬೆಳೆದವರಿಗೆ ಇದನ್ನು ನಂಬುವುದು ಕಷ್ಟ. ಟೆನಿಸ್ ಬಾಲಿಗೆ ಮೆತ್ತಗಿನ ಹೊಟ್ಟೆ ಇದೆ, ಏಟನ್ನು ಅದೇ ನುಂಗಿಕೊಳ್ಳುತ್ತದೆ. ಲೆದರ್ ಬಾಲ್ ನುಂಗುವುದಿಲ್ಲ, ಬ್ಯಾಟಿಗೇ ಬಿಡುತ್ತದೆ.

ಆದ್ದರಿಂದ ಮೊದಲು ಎಣ್ಣೆ, ಆಮೇಲೆ ಏಟು. ದೀಪಾವಳಿಯ ಬೆಳಗಿನ ಕ್ರಮವೇ ಇದು, ಎಣ್ಣೆ ಹಚ್ಚಿಸಿಕೊಳ್ಳಲು ಒಲ್ಲೆ ಅಂದ ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎಣ್ಣೆ ಅಂದರೆ ಹಸಿ ಅಗಸೆ ಎಣ್ಣೆ. ಇಲ್ಲಿಂದಲೇ ಎಡವಟ್ಟು ಶುರು. ಪೇಂಟ್ ಅಂಗಡಿಗೆ ಹೋಗಿ ‘ಲಿನ್ಸೀಡ್ ಆಯಿಲ್’ ಅಂದರೆ ಡಬಲ್ ಬಾಯ್ಲ್ಡ್ ಡಬ್ಬಿ ಕೈಗೆ ಬರಬಹುದು. ಅದು ಬಾಗಿಲು ಕಿಟಕಿಗೆ. ಬೇಗ ಒಣಗಲೆಂದು ಅದನ್ನು ಸಂಸ್ಕರಿಸಿರುತ್ತಾರೆ, ಹಾಗಾಗಿ ಮರದೊಳಕ್ಕೆ ಇಳಿಯುವ ಮೊದಲೇ ಮೇಲೆ ಗಟ್ಟಿಯಾಗುತ್ತದೆ. ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಬ್ಯಾಟಿಗೆಂದೇ ಮಾರುವ ಶೀಶೆ ಕೊಂಡರೆ ತಾಪತ್ರಯವಿಲ್ಲ. ಗಾಣದ ಎಣ್ಣೆ ಅಂಗಡಿಯ ಅಗಸೆ ಎಣ್ಣೆಯೂ ಆಗುತ್ತದೆ. ಮನೆಯಲ್ಲಿ ಹುಬ್ಬಳ್ಳಿ ಧಾರವಾಡ ಕಡೆಯವರಿದ್ದರೆ, ಚಟ್ನಿಪುಡಿ ಆಗಬೇಕಾದ ಅಗಸಿಯ ಎಣ್ಣೆಯನ್ನು ಕಟ್ಟಿಗೆಗೆ ಕುಡಿಸುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಾರೆ, ಅಷ್ಟೇ.

ಕೊಬ್ಬರಿ ಎಣ್ಣೆ ಯಾಕಾಗದು ಎಂಬ ಪ್ರಶ್ನೆಯೂ ತಪ್ಪದೆ ಬರುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಮರದ ತೇವ ಹೊರಗೆ ಹೋಗದ ಹಾಗೆ, ಹೊರಗಿನ ತೇವ ಸುಲಭಕ್ಕೆ ಒಳಗೆ ಬರದ ಹಾಗೆ ಕಾಯುತ್ತದೆ. ನಾರು ಒಣಗಿ ಗರಿಗರಿ ಆಗುವುದಿಲ್ಲ, ಏಟಿಗೆ ಸಿಡಿಯದೆ ಬಾಗುತ್ತದೆ. ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಜಿಡ್ಡು ಜಿಡ್ಡಾಗಿಯೇ ಉಳಿಯುತ್ತದೆ, ಬೆಂಗಳೂರಿನ ಡಿಸೆಂಬರ್ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟುವುದೂ ಉಂಟು.

ಪ್ರಮಾಣ ಒಂದು ಟೀ ಚಮಚ. ಒಂದು ಬಳಿತಕ್ಕೆ ಅಷ್ಟು ಸಾಕು. ಹಳೇ ಬನಿಯನ್ ಚೂರಿಗೆ ಸುರಿದುಕೊಂಡು ಮುಖ, ಎರಡೂ ಎಡ್ಜ್, ಬೆನ್ನು ಇಷ್ಟಕ್ಕೂ ತೆಳ್ಳಗೆ ಸವರಬೇಕು. ಸ್ಟಿಕ್ಕರ್ ಮೇಲೆ ಬೇಡ. ಹ್ಯಾಂಡಲ್ ಬಂದು ಬ್ಲೇಡಿನೊಳಗೆ ಕೂರುವ ವಿ ಆಕಾರದ ಬೆಸುಗೆಯಿದೆಯಲ್ಲ, ಸ್ಪ್ಲೈಸ್, ಅದರ ಹತ್ತಿರವಂತೂ ಸುಳಿಯಬಾರದು. ಅಲ್ಲಿರುವುದು ಅಂಟು, ಎಣ್ಣೆ ತಗಲಿದರೆ ಸಡಿಲವಾಗುತ್ತದೆ. ಟೋ ಕಡೆ, ಅಂದರೆ ಬ್ಯಾಟಿನ ಪಾದಕ್ಕೆ, ಬಟ್ಟೆಯಲ್ಲಿ ಉಳಿದ ಪಸೆ ಮುಟ್ಟಿಸಿದರೆ ಸಾಕು. ಅಲ್ಲಿ ನಾರಿನ ತುದಿಗಳು ತೆರೆದಿರುತ್ತವೆ, ಸೀಮೆಎಣ್ಣೆ ದೀಪದ ಬತ್ತಿಯಂತೆ ಹೀರುತ್ತವೆ. ಆಮೇಲೆ ಬ್ಯಾಟನ್ನು ಗೋಡೆಗೆ ಒರಗಿಸದೆ ಮುಖ ಮೇಲೆ ಮಾಡಿ ಮಲಗಿಸಿ, 24 ಗಂಟೆ ಬಿಡಬೇಕು. ನಿಲ್ಲಿಸಿದರೆ ಎಣ್ಣೆಯೆಲ್ಲ ಪಾದಕ್ಕೆ ಇಳಿದು ನಿಲ್ಲುತ್ತದೆ. ಮಾರನೇ ದಿನ ಉಳಿದ ಪಸೆ ಒರೆಸಿ ಎರಡನೇ ಬಳಿತ, ಮತ್ತೆ ಒಂದು ದಿನ. ‘ಇನ್ನೊಂದು ಚೂರು ಹಾಕಿದರೆ ಇನ್ನೂ ಒಳ್ಳೇದಲ್ವಾ’ ಎಂಬ ಧಾರಾಳತನ ಬೇಡ. ಎಣ್ಣೆ ಕುಡಿದ ಬ್ಯಾಟ್ ಭಾರವಾಗುತ್ತದೆ, ಪಾದ ಮೆತ್ತಗಾಗುತ್ತದೆ, ಪುಟಿತ ಸಾಯುತ್ತದೆ. ಹಾಕಿದ ಎಣ್ಣೆ ತೆಗೆಯುವ ಉಪಾಯ ಇಲ್ಲ. ಮುಖಕ್ಕೆ ಮೊದಲೇ ಪಾರದರ್ಶಕ ಹಾಳೆ ಅಂಟಿಸಿ ಬಂದಿದ್ದರೆ ಅದರ ಮೇಲೆ ಎಣ್ಣೆ ಸುರಿಯುವುದು ಪ್ಲಾಸ್ಟಿಕ್ ಹೂವಿಗೆ ನೀರು ಹಾಕಿದಂತೆ. ತೆರೆದ ಮರ ಎಲ್ಲಿ ಕಾಣುತ್ತದೋ ಅಲ್ಲಿಗೆ ಮಾತ್ರ.

ಆ ಬನಿಯನ್ ಚೂರಿನ ಬಗ್ಗೆ ಒಂದು ಮಾತು. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಉಂಡೆ ಮಾಡಿ ಕಸದ ಡಬ್ಬಿಗೆ ಎಸೆದರೆ ಆ ಶಾಖ ಒಳಗೇ ಕೂಡಿ, ಬೆಂಕಿಯ ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಬಿಡಿಸಿ ಹಾಕಿ, ಪೂರ್ತಿ ಒಣಗಿದ ಮೇಲೆ ಎಸೆಯಿರಿ.

ಈಗ ಕೊಡತಿ. ಬ್ಯಾಟಿಗೆಂದೇ ಮಾಡಿದ ಮರದ ಮ್ಯಾಲೆಟ್ ಸಿಗುತ್ತದೆ. ಇಲ್ಲದಿದ್ದರೆ ಹಳೇ ಲೆದರ್ ಬಾಲನ್ನು ಕಾಲುಚೀಲದಲ್ಲಿ ಕಟ್ಟಿ ಬಡಿಯುವವರಿದ್ದಾರೆ, ನಡೆಯುತ್ತದೆ, ಆದರೆ ಎಡ್ಜಿನ ಮೇಲೆ ಗುರಿ ನಿಲ್ಲುವುದಿಲ್ಲ. ಕಬ್ಬಿಣದ ಸುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬರುವ ಜಾಣರಿಗೆ ದೂರದಿಂದಲೇ ಕೈ ಮುಗಿಯಬೇಕು.

ಒಟ್ಟು ಮೂರರಿಂದ ನಾಲ್ಕು ತಾಸಿನ ಕೆಲಸ, ಕೆಲವು ಬ್ಯಾಟಿಗೆ ಇನ್ನೂ ಹೆಚ್ಚು. ದಿನಕ್ಕೆ ಇಪ್ಪತ್ತು ನಿಮಿಷ ಹಿಡಿದರೆ ಹತ್ತು ಹನ್ನೆರಡು ದಿನ. ಅಪಾರ್ಟ್‌ಮೆಂಟಿನಲ್ಲಿ ಇದರ ಎರಡನೇ ದಿನ ಏನಾಗುತ್ತದೆ ಎಂಬುದನ್ನು ಹೇಳಬೇಕಿಲ್ಲ. ಕಾಲಿಂಗ್ ಬೆಲ್ ಆಗುತ್ತದೆ, ಕೆಳಗಿನ ಮನೆಯ ಆಂಟಿ ನಿಂತಿರುತ್ತಾರೆ.

‘ಏನಪ್ಪಾ, ಅವಲಕ್ಕಿ ಕುಟ್ತಾ ಇದೀರಾ?’

‘ಇಲ್ಲ ಆಂಟಿ, ಬ್ಯಾಟು.’

‘ಬ್ಯಾಟಾ? ಬಾಲಲ್ಲಿ ತಾನೇ ಹೊಡೆಯೋದು?’

ಆಂಟಿಯ ತಲೆನೋವಿಗೆ ಮುಖ್ಯ ಕಾರಣ ಏಟಲ್ಲ, ನೆಲ. ಬ್ಯಾಟನ್ನು ನೆಲಕ್ಕೆ ಊರಿ ಬಡಿದರೆ ಸದ್ದು ನೇರ ಅವರ ಮನೆಯ ಚಾವಣಿಗೆ ಇಳಿಯುತ್ತದೆ. ತೊಡೆಯ ಮೇಲೆ ಕಂಬಳಿ ಮಡಚಿ ಹಾಕಿ ಬ್ಯಾಟನ್ನು ಅದರ ಮೇಲಿಟ್ಟುಕೊಂಡರೆ ಗಲಾಟೆ ಎಷ್ಟೋ ಇಳಿಯುತ್ತದೆ, ಬ್ಯಾಟಿನ ಪಾದಕ್ಕೂ ಪೆಟ್ಟಾಗುವುದಿಲ್ಲ.

ಎಲ್ಲರೂ ಮಾಡುವ ತಪ್ಪು ಒಂದೇ: ನಡುಮಧ್ಯಕ್ಕೆ ಬಡಿಯುತ್ತಾ ಕೂರುವುದು. ಅಲ್ಲಿ ಬಿದ್ದ ಏಟಿಗೆ ‘ಟಕ್’ ಎಂದು ಚಿನ್ನದಂಥ ಸದ್ದು ಬರುತ್ತದೆ, ಕೈಗೂ ಖುಷಿ, ಕಿವಿಗೂ ಖುಷಿ. ಆದರೆ ಆ ಜಾಗ ರೋಲರಿನಿಂದ ಮೊದಲೇ ಒತ್ತಿಸಿಕೊಂಡು ಬಂದದ್ದು. ಅನಾಥವಾಗಿರುವುದು ಎಡ್ಜ್. ಅಲ್ಲಿ ಬಡಿದರೆ ಮೊಂಡು ಸದ್ದು, ಬೇಸರದ ಕೆಲಸ. ಒಟ್ಟು ಸಮಯದಲ್ಲಿ ಅರ್ಧ ಅದಕ್ಕೇ ಸಲ್ಲಬೇಕು.

ಮೊದಲ ಅರ್ಧ ತಾಸು ಬಾಗಿಲು ತಟ್ಟುವಷ್ಟೇ ಜೋರು, ಮಗು ಮಲಗಿರುವ ಮನೆಯ ಬಾಗಿಲು. ಮುಖವೆಲ್ಲ ಒಂದು ಸುತ್ತು ಬರಬೇಕು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಜೋರು ಏರಿಸಬೇಕು. ಮೊದಲ ದಿನವೇ ಸಿಟ್ಟು ತೀರಿಸಿಕೊಂಡರೆ ಕುಣಿ ಬಿದ್ದು, ಆ ಕುಣಿಯ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಎಡ್ಜಿಗೆ ಬಂದಾಗ ಕೊಡತಿಯನ್ನು ಓರೆ ಮಾಡಿಕೊಳ್ಳಿ. ಮುಖ ಮತ್ತು ಎಡ್ಜ್ ಕೂಡುವ ಮೂಲೆಗೆ ಸುಮಾರು 45 ಡಿಗ್ರಿಯಲ್ಲಿ, ಚೆಂಡು ಸವರಿಕೊಂಡು ಹೋದ ಹಾಗೆ ಜಾರಿಸಿ ಹೊಡೆಯಬೇಕು. ಪಕ್ಕದಿಂದ ನೇರ ಎಡ್ಜಿಗೇ ಗುದ್ದಬಾರದು, ಪಂದ್ಯದಲ್ಲಿ ಹಾಗೆ ಬರುವ ಚೆಂಡೂ ಅಪರೂಪ. ಮೇಲಿಂದ ಕೆಳಕ್ಕೆ ಸಾಲಾಗಿ ಬನ್ನಿ. ಹೊಸ ಬ್ಯಾಟಿನ ಆ ಮೂಲೆ ಚಾಕುವಿನಂತೆ ಚೂಪಾಗಿರುತ್ತದೆ. ಕೆಲಸ ಆಗುತ್ತಾ ಬಂದಂತೆ ಹೆಬ್ಬೆರಳು ಸವರಿದರೆ ಬಳಸಿದ ಸೋಪಿನ ಅಂಚಿನ ಹಾಗೆ ದುಂಡಗೆ ಸಿಗುತ್ತದೆ. ಗೊತ್ತಾಗುವ ಗುರುತು ಅದೇ. ಪಾದದ ಕಡೆ ಮುಖದ ಮೇಲೆ ಮಾತ್ರ ಹಗುರಾಗಿ. ಪಾದದ ತಳಕ್ಕೆ ಮತ್ತು ಬೆನ್ನಿಗೆ ಕೊಡತಿ ಮುಟ್ಟಿಸುವುದೇ ಬೇಡ.

ಅಂಗಡಿಯಲ್ಲಿ ಯಂತ್ರದಿಂದ ನಾಕಿಂಗ್ ಮಾಡಿಸಿ ತಂದವರೂ, ‘ರೆಡಿ ಟು ಪ್ಲೇ’ ಚೀಟಿ ನೋಡಿ ಕೊಂಡವರೂ ಈ ಮೂಲೆಯನ್ನು ಒಮ್ಮೆ ಸವರಿ ನೋಡಬೇಕು. ಚೂಪಿದ್ದರೆ ಚೀಟಿ ಏನೇ ಹೇಳಲಿ, ಇನ್ನೊಂದು ತಾಸು ಕಂಬಳಿ ಮೇಲೆ.

ಆಮೇಲೆ ಪರೀಕ್ಷೆ. ಆಡಿ ಮೆತ್ತಗಾದ ಹಳೇ ಲೆದರ್ ಬಾಲಿನಲ್ಲಿ ಸಣ್ಣ ಕ್ಯಾಚ್ ಕೊಡುತ್ತಾ, ಹಗುರ ಡ್ರೈವ್ ಮಾಡುತ್ತಾ ಹತ್ತು ನಿಮಿಷ. ನಿಲ್ಲಿಸಿ ಮುಖವನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಸೀಮಿನ ಹೊಲಿಗೆ ಅಚ್ಚು ಒತ್ತಿದ ಹಾಗೆ ಮರದಲ್ಲಿ ಕುಳಿಯಾಗಿ ಮೂಡಿದ್ದರೆ ಮರ ಇನ್ನೂ ಹಸಿ, ಕೊಡತಿಗೆ ವಾಪಸ್. ಬರೀ ಕೆಂಪು ಬಣ್ಣ ಅಂಟಿದ್ದರೆ ಯೋಚನೆಯಿಲ್ಲ, ಅದು ಅರಿಶಿನ ಕುಂಕುಮ ಇದ್ದ ಹಾಗೆ. ಇಲ್ಲಿ ಪಾಸಾದರೆ ನೆಟ್ಸಿಗೆ, ಅಲ್ಲೂ ಮೊದಲು ಹಳೇ ಚೆಂಡು. ಮುಖಕ್ಕೆ ಹಾಳೆ, ಎಡ್ಜಿಗೆ ಫೈಬರ್ ಟೇಪ್ ಅಂಟಿಸುವುದಿದ್ದರೆ ಈಗ. ಕೂದಲೆಳೆಯಂಥ ಗೀರು ಒಂದೆರಡು ಬಿದ್ದರೆ ಎದೆ ಒಡೆದುಕೊಳ್ಳಬೇಡಿ, ಮೆತ್ತನೆ ಮರಕ್ಕೆ ಅದು ಸಹಜ. ಉಗುರು ಸಿಕ್ಕಿಕೊಳ್ಳುವಷ್ಟು ಎದ್ದರೆ ಮಾತ್ರ ಮರದ ಅಂಟು ಹಾಕಿ ಬಿಗಿದು, ಟೇಪ್ ಸುತ್ತಿಸಬೇಕು.

ಇಷ್ಟೆಲ್ಲ ಆಗಿಯೂ ಬೆಂಗಳೂರಿನ ಭಾನುವಾರಕ್ಕೆ ಇನ್ನೊಂದು ಅಪಾಯ ಇದೆ: ಇಬ್ಬನಿ. ಬೆಳಗ್ಗೆ ಏಳರ ಕ್ರೀಸು ಒದ್ದೆ, ಓಪನರ್ ಪ್ರತಿ ಬಾಲಿಗೂ ಬ್ಯಾಟಿನ ಪಾದವನ್ನು ನಾಲ್ಕು ಸಲ ಕುಟ್ಟುತ್ತಾನೆ, ತೆರೆದ ನಾರು ನೀರು ಹೀರಿ ಊದಿಕೊಳ್ಳುತ್ತದೆ, ಎಂಟನೇ ಓವರಿನ ಯಾರ್ಕರಿಗೆ ಪಾದ ಸೀಳುತ್ತದೆ. ರಬ್ಬರಿನ ಟೋ ಗಾರ್ಡ್ ಅಂಟಿಸಿದ್ದರೆ ಬಹುಪಾಲು ಬಚಾವ್. ಒದ್ದೆಯಾದ ಬ್ಯಾಟನ್ನು ಒರೆಸಿ, ಹ್ಯಾಂಡಲ್ ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ವಾರವಿಡೀ ಬಿಟ್ಟರೆ ಹಾಕಿದ ಎಣ್ಣೆ, ತಿಂದ ಏಟು ಎರಡೂ ದಂಡ.

ಹೀಗೆ ಹದಿನೈದು ದಿನ ಸಾಕಿದ ಬ್ಯಾಟ್ ಹಿಡಿದು ಹೋದವನ ಮೊದಲ ಮ್ಯಾಚು ಗುರುತಿಸುವುದು ಸುಲಭ. ಹೊಸ ಬಾಲು ಎಡ್ಜಿಗೆ ಸವರಿ ಕೀಪರ್ ಕೈ ಸೇರುತ್ತದೆ. ಹನ್ನೊಂದು ಜನ ಕೂಗುತ್ತಿರುತ್ತಾರೆ, ಅಂಪೈರ್ ಬೆರಳು ಎತ್ತಿರುತ್ತಾನೆ. ಇವನು ಹೆಲ್ಮೆಟ್ ತೆಗೆದು, ಎಡ್ಜನ್ನು ಕಣ್ಣ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಎರಡು ಸಲ ಸವರುತ್ತಾನೆ. ಒಂದು ಗೀರೂ ಇಲ್ಲ. ಸೊನ್ನೆಗೆ ಔಟಾಗಿ ನಗುನಗುತ್ತಾ ಬರುವ ಇವನನ್ನು ಕ್ಯಾಪ್ಟನ್ ಬೌಂಡರಿ ಗೆರೆಯ ಹತ್ತಿರ ಕಾಯುತ್ತಿರುತ್ತಾನೆ.